ಸಕಲಕಲಾ ಸೊಸೆ, ಬಟವಾಡೆ ಅತ್ತೆ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಎಚ್.ಡಿ. ಕೋಟೆಗೆ ಹೋಗುವವರಿಗೆ ಹಂಪಾಪುರ ಅಂದರೆ ಬಸ್ಸು ಒಂದು ಗಳಿಗೆ ನಿಂತು ಹೊರಡುವ ಹೋಬಳಿ ಊರು. ಇಳಿದು ಒಳಗೆ ಹೋದರೆ ಬೀದಿಗೊಬ್ಬಳು ಸಕಲಕಲಾ ಸೊಸೆ ಸಿಗುತ್ತಾಳೆ. ಡಿಗ್ರಿ ಮುಗಿಸಿ ಮದುವೆಯಾಗಿ ಬಂದವಳು. ಅಡುಗೆಮನೆಯಲ್ಲಿ ಓವನ್, ಬೀರುವಿನಲ್ಲಿ ತಮ್ಮ ಬಿಟ್ಟುಹೋದ ಕ್ಯಾಮೆರಾ, ಮಂಚದ ಕೆಳಗೆ ಕಸೂತಿಯ ರಿಂಗು. ಅವಳ ಕೇಕು ತಿಂದವರು, ಫೋಟೋಗೆ ನಿಂತವರು, ರವಿಕೆ ಮುಟ್ಟಿ ನೋಡಿದವರು, ಎಲ್ಲರೂ ಹೇಳುವುದು ಒಂದೇ: 'ಅಯ್ಯೋ, ನೀನೊಂದು ಅಂಗಡಿ ಹಾಕ್ಬುಡು ಕನಕ್ಕ!' ಹಾಗಂದವರು ಬಾಯಿ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಜೇಬಿಗೆ ಕೈ ಹಾಕಿದ್ದನ್ನು ಕಂಡವರಿಲ್ಲ.

ಈ ಸೊಸೆಗೊಬ್ಬ ಅತ್ತೆ ಇರುತ್ತಾಳೆ. ಓದಿದ್ದು ನಾಲ್ಕನೇ ಕ್ಲಾಸು, ಸಾಕಿದ್ದು ಎರಡು ಹಸು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ, ಫ್ಯಾಟ್ ಎಷ್ಟು ಬಂತು ಅಂತ ಚೀಟಿ ನೋಡಿ, ಬಟವಾಡೆ ದಿನ ತಪ್ಪದೆ ಹೋಗಿ ದುಡ್ಡು ಎಣಿಸಿಕೊಂಡು ಬಂದವಳು. ಅವಳಿಗೆ ಆದಾಯ ಅಂದರೆ ಬಟವಾಡೆ, ಮಿಕ್ಕಿದ್ದೆಲ್ಲ ಬುರುಡೆ. ಸೊಸೆ ಏನೇ ಹೊಸ ಯೋಜನೆ ತಂದರೂ ಅವಳದು ಒಂದೇ ಪ್ರಶ್ನೆ: 'ಹೋದ ತಿಂಗಳು ದುಡ್ ಕೊಟ್ಟೋರು ಈ ತಿಂಗಳೂ ಬಂದವ್ರಾ?'

ಮೊದಲು ಕ್ಯಾಮೆರಾದ ಸರದಿ. ಕಬಿನಿ ಹಿನ್ನೀರು ಹತ್ತಿರ, ಬೇಸಿಗೆಯಲ್ಲಿ ನೀರು ಇಳಿದಾಗ ಆನೆಗಳು ಹಿಂಡುಹಿಂಡಾಗಿ ದಡಕ್ಕೆ ಬರುತ್ತವೆ. ಸೊಸೆ ಸಫಾರಿಗೆ ದುಡ್ಡು ಕೊಟ್ಟು ಹೋಗಿ ಸೊಗಸಾದ ಫೋಟೋ ತಂದಳು. ಸ್ಟೇಟಸ್ಸಿಗೆ ಹಾಕಿದಳು, ಊರೆಲ್ಲ ಹೃದಯದ ಗುರುತು ಒತ್ತಿತು. ಅತ್ತೆ ಕೇಳಿದಳು: 'ಆನೆ ಏನಾದ್ರೂ ಕೊಡ್ತೇನವ್ವ?' ಆನೆ ಕೊಡುವುದಿಲ್ಲ. ಅದೇ ಆನೆಯ ಫೋಟೋ ಇನ್ನೂ ಉದ್ದದ ಲೆನ್ಸಿನಲ್ಲಿ ತೆಗೆದವರು ಸಾವಿರಾರು ಜನ ಇದ್ದಾರೆ. ಕೊಡುವವರು ಮದುವೆಯವರು. ಅವರೋ ಒಂದು ಕ್ಯಾಮೆರಾಗೆ ಒಪ್ಪುವವರಲ್ಲ. ಫೋಟೋಗೊಬ್ಬ, ವಿಡಿಯೋಗೊಬ್ಬ, ಮೇಲೆ ಡ್ರೋನು, ಕೊನೆಗೆ ದಿಂಡಿನಂಥ ಆಲ್ಬಮ್ಮು. ಆಲ್ಬಮ್ ಪ್ರಿಂಟಿನ ದುಡ್ಡನ್ನು ಫೋಟೋದವಳೇ ಮುಂಚೆ ಕಟ್ಟಬೇಕು. ಫೋಟೋ ವಾಟ್ಸಾಪಿನಲ್ಲಿ ಹೋದ ಮೇಲೆ ಆಲ್ಬಮ್ ಒಯ್ಯಲು ಯಾರಿಗೂ ಆತುರವಿಲ್ಲ. ಮದುಮಗಳ ಮಗುವಿನ ನಾಮಕರಣ ಬಂದರೂ ಬಾಕಿ ಬಾಕಿಯೇ.

ಕೇಕಿನದು ಬೇರೆ ಕತೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಗೆಲ್ಲುವುದು ಕೇಕೇ. ಒಂದು ಕೇಜಿ ಎಗ್‌ಲೆಸ್ ಚಾಕಲೇಟ್ ಕೇಕಿಗೆ ಪ್ರೀಮಿಕ್ಸು, ಕ್ರೀಮು, ಚಾಕಲೇಟು, ಅಡಿಯ ಹಲಗೆ, ಡಬ್ಬ, ಕರೆಂಟು ಎಲ್ಲ ಸೇರಿ ಸುಮಾರು 300 ರೂಪಾಯಿ. 550ಕ್ಕೆ ಮಾರಿದರೆ 250 ಉಳಿಯಿತು. ಸೊಸೆ ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿದಳು. ಆದರೆ ಹಂಪಾಪುರದಲ್ಲಿ ಆರ್ಡರು ಬರುವುದು ಅರ್ಧ ಕೇಜಿಗೆ. ಕ್ರೀಮು ಸಿಗುವುದು ಒಂದು ಕೇಜಿ ಪ್ಯಾಕಿನಲ್ಲಿ, ಅದೂ ಕಲ್ಲಿನಂತೆ ಹೆಪ್ಪುಗಟ್ಟಿ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ ಕರಗಿಸಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಆಮೇಲೆ ಬೀಟರ್ ಎಷ್ಟು ತಿರುಗಿದರೂ ನೊರೆ ನಿಲ್ಲುವುದಿಲ್ಲ. ಅರ್ಧ ಕೇಜಿ ಕೇಕಿಗೆ ಬೇಕಾದದ್ದು ಪ್ಯಾಕಿನ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಮುಂದಿನ ಹುಟ್ಟುಹಬ್ಬಕ್ಕೆ ಕಾಯುತ್ತದೆ, ಕಾಯುತ್ತಾ ಹುಳಿಯಾಗುತ್ತದೆ. ಲಾಭ ಕೂತಿದ್ದು ಆ ಮುಕ್ಕಾಲಿನಲ್ಲಿ. ಇನ್ನು ಓವನ್ನಿಗೆ ಇಟ್ಟು ಇಪ್ಪತ್ತು ನಿಮಿಷಕ್ಕೆ ಕರೆಂಟು ಹೋಯಿತೋ, ಕೇಕಿನ ನಡುಮಧ್ಯ ಗುಳಿ ಬೀಳುತ್ತದೆ. ಆ ಗುಳಿಯನ್ನು ಕ್ರೀಮಿನಿಂದ ಮುಚ್ಚಬಹುದು, ಚಾಕು ಇಳಿದಾಗ ಮುಚ್ಚುವುದು ಹೇಗೆ? ಮಗುವಿಗೆ ಹುಟ್ಟುಹಬ್ಬ ವರ್ಷಕ್ಕೊಂದೇ ಸಲ, ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಕೇಜಿ ಕೇಕು ಇವಳಿಗಿಂತ ಅಗ್ಗ. ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲಿಯೂ ಇಲ್ಲ.

ಉಳಿದದ್ದು ಸೂಜಿದಾರ. ಇಲ್ಲಿಯೂ ಸೊಸೆ ನೇರವಾಗಿ ಕೆಳಗಿನ ಮೆಟ್ಟಿಲು ಹತ್ತಲಿಲ್ಲ. ಮೊದಲು ಧಾರವಾಡದ ಕಸೂತಿ ಹಿಡಿದಳು. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಎಳೆ ಎಣಿಸಿ ಎಣಿಸಿ ರವಿಕೆಯ ಬೆನ್ನಿಗೊಂದು ಗೋಪುರ ಎಬ್ಬಿಸಿದಳು. ಹಿಂದುಮುಂದು ಒಂದೇ ತರ ಕಾಣುವ ಆ ಕೆಲಸದ ಬೆಲೆ ಗೊತ್ತಿದ್ದವರು ಧಾರವಾಡದಲ್ಲಿ ಇದ್ದರು. ಆಮೇಲೆ ಆರಿ ವರ್ಕು. ಮದುವೆ ರವಿಕೆಗೆ ವಾರ ಹಿಡಿಯುವ ಕೆಲಸ. ಆದರೆ ಮದುಮಗಳ ಅಮ್ಮನಿಗೆ ರವಿಕೆ ಮೈಸೂರಿನಲ್ಲೇ ಆಗಬೇಕು, ಹೊಲಿಯುವವಳು ಇದೇ ಬೀದಿಯವಳಾಗಿದ್ದರೂ.

ಕೊನೆಗೆ ಒಂದು ಸಂಜೆ ಸಂಘದ ಮೀಟಿಂಗಿಗೆ ಬಂದ ಅಂಗನವಾಡಿ ಟೀಚರು ಸೀರೆಯೊಂದನ್ನು ತಂದು, 'ಇದಕ್ಕೊಂದು ಕುಚ್ಚು ಹಾಕ್ಕೊಡು' ಅಂದರು. ಕುಚ್ಚು! ಸೊಸೆಗೆ ಅವಮಾನವಾಯಿತು. ಅತ್ತೆಯ ಕಿವಿ ನೆಟ್ಟಗಾಯಿತು.

ಸೆರಗಿನ ಅಗಲ ಹತ್ತಿರ ಹತ್ತಿರ 46 ಇಂಚು. ಇಂಚಿಗೊಂದರಂತೆ ಕುಚ್ಚು. ಸೀರೆಯ ಒಡಲಿಗೂ ಅಂಚಿಗೂ ಹೊಂದುವ ರೇಷ್ಮೆ ದಾರವನ್ನು ರಟ್ಟಿಗೆ ಸುತ್ತಿ, ಕತ್ತರಿಸಿ, ಸೆರಗಿಗೆ ಪೋಣಿಸಿ, ಮಣಿ ಕೂರಿಸಿ, ಜರಿದಾರದಲ್ಲಿ ಕುತ್ತಿಗೆ ಬಿಗಿದು, ಬಾಚಣಿಗೆಯಲ್ಲಿ ಬಾಚಿ ತುದಿ ಸಮ ಮಾಡಬೇಕು. ರೇಷ್ಮೆ ದಾರ ನಯ, ಗಂಟು ಜಾರುತ್ತದೆ. ಎರಡು ಗಂಟು ಹಾಕಿ ಸೂಜಿಯಿಂದ ದಾರದ ತುದಿಯನ್ನು ಒಳಗೆ ನುಗ್ಗಿಸದಿದ್ದರೆ ಮೊದಲ ಒಗೆತಕ್ಕೇ ಕುಚ್ಚು ಬಕೆಟ್ಟಿನಲ್ಲಿ ತೇಲುತ್ತದೆ. ಕಡುಗೆಂಪು ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಬೇಕು. ಬಣ್ಣ ಹತ್ತಿತೆಂದರೆ ಆ ದಾರ ಬೇಡ; ಹಾಲು ಬಿಳಿ ಸೀರೆ ಗುಲಾಬಿಯಾದರೆ ಟೀಚರೂ ಕೆಂಪಾಗುತ್ತಾರೆ.

ಒಂದು ಸೀರೆಗೆ ಮೂರು ಗಂಟೆ, ಕೂಲಿ 250, ದಾರ ಮಣಿಗೆ 60, ಉಳಿದದ್ದು 190. ವಾರಕ್ಕೆ ಐದು ಸೀರೆಯಾದರೆ ತಿಂಗಳಿಗೆ ಸುಮಾರು 3,800. ಶುಂಠಿ ಹೊಲದ ಕೂಲಿಗೆ ಹೋದವರು ತಿಂಗಳ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು ತರಬಹುದು, ಅದನ್ನು ಮುಚ್ಚಿಡುವುದೇಕೆ? ಆದರೆ ಅತ್ತೆ ಹಿಡಿದದ್ದು ಬೇರೆ ಸೂಕ್ಷ್ಮ. ಕೇಕಿಗೆ ಸರಕು ನಮ್ಮದು, ಆಲ್ಬಮ್ಮಿಗೆ ಬಂಡವಾಳ ನಮ್ಮದು. ಕುಚ್ಚಿಗೆ ಸೀರೆ ಅವರದು. ಐದು ಸಾವಿರದ ಸೀರೆ ನಮ್ಮ ಮನೆಯಲ್ಲಿ ಕೂತಿರುವಾಗ 250 ರೂಪಾಯಿಗೆ ಸಾಲ ಹೇಳುವ ಧೈರ್ಯ ಯಾರಿಗೂ ಇಲ್ಲ! ಸಿದ್ಧವಾದ ಸೀರೆಗಳೆಲ್ಲ ಅತ್ತೆಯ ಟ್ರಂಕಿನಲ್ಲಿ. ಬೀಗದ ಕೈ ಸೊಂಟದಲ್ಲಿ. 'ನಾಳೆ ಕೊಡ್ತೀನಿ ಕನವ್ವ' ಅಂದವರಿಗೆ, 'ಸೀರೇನೂ ನಾಳೆ ಬತ್ತದೆ' ಅನ್ನುತ್ತಾಳೆ.

ಬಂದವರೇ ಬಂದರು. ಟೀಚರಿಗೆ ಸೀರೆ ಒಂದಲ್ಲ, ಸಂಘದ ಹೆಂಗಸರಿಗೂ ಅಷ್ಟೇ. ಆಷಾಢದಲ್ಲಿ ಮದುವೆಯಿಲ್ಲದೆ ಕೈ ಖಾಲಿ, ಆದರೆ ಅದರ ಕೊನೆಗೇ ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ಗುಡ್ಡೆ ಬೀಳುತ್ತವೆ. ಆಗ ಇಲ್ಲ ಅನ್ನಲು ಕಲಿಯದಿದ್ದರೆ ಹಬ್ಬದ ಬೆಳಿಗ್ಗೆ ಬಾಗಿಲಲ್ಲಿ ಜಗಳ. ಕೆಲವು ಸೀರೆ ಅಂಗಡಿಗಳು ಕುಚ್ಚನ್ನು ಪುಕ್ಕಟೆ ಹಾಕಿಕೊಡುತ್ತವೆ, ಅದೊಂದು ಕಾಟ. ಕತ್ತು ನೋವು, ಕಣ್ಣುರಿ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ.

ಕ್ಯಾಮೆರಾ ವ್ಯರ್ಥವಾಗಲಿಲ್ಲ. ಫೋನಿನಲ್ಲಿ ತೆಗೆದರೆ ನೇರಳೆ ಬಣ್ಣ ನೀಲಿಯಾಗಿ ಕಾಣುತ್ತಿತ್ತು, ಅದಕ್ಕೇ ಎಷ್ಟೋ ಸೀರೆಗೆ ದಾರ ಹೊಂದಿಲ್ಲ ಅಂತ ತಕರಾರು. ಈಗ ಸೊಸೆ ಬೆಳಗಿನ ಬೆಳಕಿನಲ್ಲಿ, ಕಿಟಕಿ ಪಕ್ಕ ಸೆರಗು ಇಳಿಬಿಟ್ಟು, ಕ್ಯಾಮೆರಾದ ಬಣ್ಣವನ್ನು ಬಿಳಿ ಕಾಗದ ಇಟ್ಟು ಸರಿಮಾಡಿ ತೆಗೆಯುತ್ತಾಳೆ. ಹೋದ ವಾರ ಅಂಥದ್ದೊಂದು ಫೋಟೋವನ್ನು ಸ್ಟೇಟಸ್ಸಿಗೆ ಹಾಕಿ, ಅತ್ತೆಗೆ ಹೆಮ್ಮೆಯಿಂದ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ, ಹತ್ತಿರ ತಂದು, ದೂರ ಇಟ್ಟು ನೋಡಿ ಕೇಳಿದಳು: 'ಚೆಂದಾಗದೆ. ರೇಟ್ ಎಲ್ಲವ್ವ ಬರ್ದಿದ್ದೀಯೆ?'