ಕೊನೆಗೆ ಬರುವವನೇ ಯಜಮಾನ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ನೋಡಿದವರಿಗೆ ಜರ್ಮನ್ ಸಮಾಸ ಅಷ್ಟೇನೂ ಹೊಸದಲ್ಲ. ಮುಂದೆ ಹಲಗೆಯವರು, ಅವರ ಹಿಂದೆ ಒಡಪು ಹೇಳುವ ಪುರವಂತರು, ಅವರ ಹಿಂದೆ ನೂಕುನುಗ್ಗಲು. ಇಷ್ಟೆಲ್ಲ ದಾಟಿದ ಮೇಲೆ ತೇರು. ಮುಂದಿನವರ ಗದ್ದಲ ಎಷ್ಟೇ ಇರಲಿ, ಜಾತ್ರೆ ಯಾರದು ಎಂದರೆ ಕೊನೆಗೆ ಬರುವವನದು. ಜರ್ಮನ್ನರ ಉದ್ದುದ್ದ ನಾಮಪದಗಳೂ ಹೀಗೇ.

ನಮ್ಮಣ್ಣನ ಮಗಳು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟು ನಿಂತಿದ್ದಾಳೆ. ಹೊರಟು ನಿಂತಿದ್ದಾಳೆ ಎಂದರೆ ಬಿ2 ಮಟ್ಟದ ಪರೀಕ್ಷೆಯ ಹೊಸ್ತಿಲಲ್ಲಿ ನಿಂತಿದ್ದಾಳೆ. ನಾನು ಹುಡುಗನಾಗಿದ್ದಾಗ ಪುಣೆಯಲ್ಲಿ ಓದುತ್ತ ಜರ್ಮನ್ ಕಲಿತವನು, ಆಮೇಲೆ ಬಸವಕಲ್ಯಾಣದಲ್ಲಿ ಕನ್ನಡ ವ್ಯಾಕರಣ ಹೇಳಿಕೊಂಡು ನಿವೃತ್ತನಾದವನು. ಎರಡೂ ರೋಗ ಇರುವ ಕಾಕಾ ಒಬ್ಬನೇ ಎಂದು ಆಕೆ ಭಾನುವಾರ ಹುಮನಾಬಾದಿನಿಂದ ಬಸ್ಸು ಹತ್ತಿ ನನ್ನ ಮನೆಗೆ ಬರುತ್ತಾಳೆ.

ಮೊನ್ನೆ ಬಂದವಳೇ ಪುಸ್ತಕ ಮುಂದಿಟ್ಟಳು. “ಇದೇನ್ ಶಬ್ದ ಅದ ಕಾಕಾ? ಓದ್ಲಿಕ್ಕೆ ಹೋದ್ರ ಉಸುರೇ ಕಟ್ಟಲತ್ತದ.”

ಶಬ್ದ ‘ಕ್ರಾಂಕೆನ್‌ಫರ್‌ಝಿಖೆರುಂಗ್ಸ್‌ಕಾರ್ಟೆ’. ರೋಮನ್ ಲಿಪಿಯಲ್ಲಿ 25 ಅಕ್ಷರ, ನಡುವೆ ಒಂದು ಖಾಲಿ ಜಾಗವೂ ಇಲ್ಲ.

“ನೀ ಬಂದ ಬಸ್ಸಿನ ಮೈಮ್ಯಾಲೆ ಏನ್ ಬರದಿತ್ತು?” ಎಂದೆ.

“ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ.”

“ಅದನ್ನ ಬಿಡುವಿಲ್ದಂಗ ಬರದ್ರ ಜರ್ಮನ್ ಆಯ್ತು. ಈಗ ಹೇಳು, ಅದು ಕಲ್ಯಾಣನೋ, ರಸ್ತೆನೋ?”

“ನಿಗಮ ಅಲ್ರಿ!”

ಅರ್ಧ ಪಾಠ ಅಲ್ಲಿಗೇ ಮುಗಿಯಿತು. ಓದುವುದು ಮುಂದಿನಿಂದ, ಬಿಡಿಸುವುದು ಹಿಂದಿನಿಂದ. ಕೊನೆಯಲ್ಲಿ ‘ಕಾರ್ಟೆ’ ಇದೆ, ಎಂದರೆ ಇದು ಕಾರ್ಡು. ಎಂಥ ಕಾರ್ಡು? ಅದರ ಹಿಂದೆಯೇ ‘ಫರ್‌ಝಿಖೆರುಂಗ್’, ವಿಮೆ. ಎಂಥ ವಿಮೆ? ‘ಕ್ರಾಂಕೆನ್’, ರೋಗಿಗಳದ್ದು. ಆರೋಗ್ಯ ವಿಮೆಯ ಕಾರ್ಡು. ರೋಗಿಗಳ ಕೈಯಲ್ಲಿರುವ ಯಾವುದೋ ವಿಮಾ ಕಾರ್ಡು ಎಂದು ಬಿಡಿಸಿದರೆ ತಪ್ಪು. ಮೊದಲು ರೋಗಿಯೂ ವಿಮೆಯೂ ಕೂಡಿ ಒಂದು ಪದವಾಗಿವೆ, ಆ ಜೋಡಿಗೆ ಕಾರ್ಡು ಅಂಟಿದೆ. ಎಲ್ಲಿ ಕತ್ತರಿಸಬೇಕೆಂದು ತಿಳಿದರೆ ಸಾಲದು, ಮೊದಲು ಎಲ್ಲಿ ಕತ್ತರಿಸಬೇಕೆಂದೂ ತಿಳಿಯಬೇಕು.

ಆ ಜಾಗವನ್ನು ತೋರಿಸುವುದು ನಡುವಿನ ‘ಎಸ್’. ‘ಉಂಗ್’ ಎಂದು ಮುಗಿಯುವ ಪದದ ಮುಂದೆ ಇನ್ನೊಂದು ಪದ ಬಂದರೆ ನಡುವೆ ‘ಎಸ್’ ಬರಲೇಬೇಕು. ‘ಹೈಟ್’, ‘ಕೈಟ್’, ‘ಶಾಫ್ಟ್’ ಎಂದು ಮುಗಿಯುವವಕ್ಕೂ ಇದೇ ಕಟ್ಟಳೆ. ತಮಾಷೆ ಏನೆಂದರೆ ಇವೆಲ್ಲ ಸ್ತ್ರೀಲಿಂಗದ ಪದಗಳು. ಬಿಡಿಯಾಗಿದ್ದಾಗ ಷಷ್ಠಿ ವಿಭಕ್ತಿಯಲ್ಲೂ ಇವಕ್ಕೆ ‘ಎಸ್’ ಹತ್ತುವುದಿಲ್ಲ. ಸಮಾಸಕ್ಕೆ ಬಂದರೆ ಮಾತ್ರ ಎಲ್ಲಿಂದಲೋ ತಂದು ಹಚ್ಚಿಕೊಳ್ಳುತ್ತವೆ. ಎಕಾರದಲ್ಲಿ ಮುಗಿಯುವ ಸ್ತ್ರೀಲಿಂಗ ಪದಗಳು ಬಹುಮಟ್ಟಿಗೆ ‘ಎನ್’ ಹಚ್ಚಿಕೊಳ್ಳುತ್ತವೆ. ಇಸ್ಪೀಟಾಟಕ್ಕೆ ‘ಕಾರ್ಟೆನ್‌ಶ್ಪೀಲ್’. ಆದರೆ ಶುಶ್ರೂಷೆ ಎಂಬ ‘ಫ್ಲೇಗೆ’ಗೆ ಅದೂ ಬೇಡ; ವೃದ್ಧರನ್ನು ನೋಡಿಕೊಳ್ಳುವ ಮನೆ ‘ಫ್ಲೇಗೆಹೈಮ್’, ಅಷ್ಟೇ.

“ಹಂಗಾರ ನಡುವಿನ ಅಕ್ಷರ ಅಂದ್ರ ಬಹುವಚನ ಏನ್ರಿ ಕಾಕಾ?” ಎಂದಳು. ನೋಡಲು ಹಾಗೇ ಕಾಣುತ್ತದೆ. ಕೋಳಿಮೊಟ್ಟೆಗೆ ಜರ್ಮನ್ನರು ‘ಹ್ಯೂನರ್‌ಐ’ ಎನ್ನುತ್ತಾರೆ. ‘ಹ್ಯೂನರ್’ ಎಂದರೆ ಕೋಳಿಗಳು. ಒಂದು ಮೊಟ್ಟೆಯನ್ನು ನಾಲ್ಕು ಕೋಳಿ ಕೂಡಿ ಇಟ್ಟದ್ದನ್ನು ನಾನಂತೂ ಕಂಡಿಲ್ಲ. ಅದು ಬರೀ ಬೆಸುಗೆ, ಅರ್ಥಕ್ಕೂ ಅದಕ್ಕೂ ನಂಟಿಲ್ಲ. ‘ಮಳೆ’ಗೆ ‘ಕಾಲ’ ಕೂಡಿದರೆ ‘ಮಳೆಗಾಲ’ವಾದಾಗ ಆ ಗಕಾರದ ಅರ್ಥವೇನೆಂದು ನಾವು ಕೇಳುತ್ತೇವೆಯೇ?

ಎಲ್ಲಕ್ಕೂ ಸೂತ್ರವಿಲ್ಲ. ಕೈಗೆ ಸಿಗುವ ಉಪಾಯ ಒಂದೇ: ಅದೇ ಮೊದಲ ಪದವಿರುವ ಬೇರೆ ಸಮಾಸ ನೋಡುವುದು. ಕೆಲಸ ಎಂಬ ‘ಆರ್ಬೈಟ್’ ತನ್ನ ಮನೆತನದಲ್ಲೆಲ್ಲ ‘ಎಸ್’ ಇಟ್ಟುಕೊಂಡಿದೆ. ಕೆಲಸದ ಕರಾರು ‘ಆರ್ಬೈಟ್ಸ್‌ಫರ್‌ಟ್ರಾಗ್’, ಕೆಲಸದ ವೇಳೆ ‘ಆರ್ಬೈಟ್ಸ್‌ತ್ಸೈಟ್’. ಆದರೆ ಕೆಲಸ ಕೊಡುವ ಧಣಿ ‘ಆರ್ಬೈಟ್‌ಗೇಬರ್’. ಒಂದು ‘ಎಸ್’ ಬಿಚ್ಚಲೂ ಕೈ ಬಾರದು ಪುಣ್ಯಾತ್ಮನಿಗೆ! ಅನುಮಾನವಿದ್ದರೆ ಡೂಡೆನ್ ನಿಘಂಟು ತೆರೆಯುವುದೇ ಕ್ಷೇಮ.

ಲಿಂಗದ ವಿಷಯದಲ್ಲಿ ಮಾತ್ರ ಜರ್ಮನ್ ಸಮಾಸ ಎಳ್ಳಷ್ಟೂ ಮೋಸ ಮಾಡುವುದಿಲ್ಲ. ಕೊನೆಯ ಪದದ ಲಿಂಗವೇ ಇಡೀ ಪದದ ಲಿಂಗ. ಬಹುವಚನವೂ ಅದರದ್ದೇ. ರೋಗಿಯೊಬ್ಬನೇ ಮೂರು ಕಡೆ ಸಿಗುತ್ತಾನೆ: ಆಂಬುಲೆನ್ಸು ಗಂಡು, ‘ಡೆರ್ ಕ್ರಾಂಕೆನ್‌ವಾಗೆನ್’, ನರ್ಸು ಹೆಣ್ಣು, ‘ಡೀ ಕ್ರಾಂಕೆನ್‌ಶ್ವೆಸ್ಟರ್’, ಆಸ್ಪತ್ರೆ ನಪುಂಸಕ, ‘ಡಾಸ್ ಕ್ರಾಂಕೆನ್‌ಹೌಸ್’. (2020ರಿಂದ ಹೊಸ ಕಾನೂನಿನಂತೆ ನರ್ಸಿನ ಹುದ್ದೆಗೆ ‘ಫ್ಲೇಗೆಫಾಖ್‌ಫ್ರೌ’ ಎಂಬ ಹೆಸರು ಬಂದಿದೆ. ಕೊನೆಗಿರುವುದು ‘ಫ್ರೌ’, ಹೆಂಗಸು. ಇಲ್ಲೂ ‘ಡೀ’ ತಪ್ಪಲಿಲ್ಲ.) ಗಂಡಸರ ವಾರ್ಡು ‘ಡೀ ಮೆನ್ನರ್‌ಷ್ಟಾತ್ಸಿಯೋನ್’, ಪೂರಾ ಹೆಣ್ಣು. ಒಳಗೆ ಮೀಸೆ ಹೊತ್ತವರು ಸಾಲಾಗಿ ಮಲಗಿದ್ದರೂ ವ್ಯಾಕರಣ ಅವರ ಮುಖ ನೋಡುವುದಿಲ್ಲ.

ಕತ್ತರಿ ತಪ್ಪು ಜಾಗದಲ್ಲಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನರ್ಸುಗಳಿಗೇ ಮೀಸಲಾದ ಪದವೊಂದಿದೆ, ‘ಊರಿನ್‌ಸ್ಟಿಂಕ್ಟ್’. ಆಕೆ ನೋಡಿದ ಕೂಡಲೇ ಮೂಗು ಮುಚ್ಚಿಕೊಂಡಳು. ‘ಊರೀನ್’ ಎಂದರೆ ಮೂತ್ರ, ‘ಷ್ಟಿಂಕ್ಟ್’ ಎಂದರೆ ನಾರುತ್ತದೆ. ನಿಜಕ್ಕೂ ಅದು ‘ಊರ್’ ಮತ್ತು ‘ಇನ್‌ಸ್ಟಿಂಕ್ಟ್’, ಹುಟ್ಟಿನಿಂದ ಬಂದ ಮೂಲಪ್ರವೃತ್ತಿ. ತಪ್ಪನ್ನು ಹಿಡಿಯುವುದೂ ಸುಲಭ. ‘ನಾರುತ್ತದೆ’ ಎಂಬುದು ಕ್ರಿಯಾಪದ. ಮೊದಲಕ್ಷರ ದೊಡ್ಡದಾಗಿ, ಹಿಂದೆ ‘ಡೆರ್’ ಇಟ್ಟುಕೊಂಡು ಬಂದ ನಾಮಪದದ ಕೊನೆಯಲ್ಲಿ ಕ್ರಿಯಾಪದ ಹಾಗೆ ಕೂರುವಂತಿಲ್ಲ. ಕೊನೆಯ ತುಂಡು ತಾನೇ ಒಂದು ನಾಮಪದವಾಗದಿದ್ದರೆ ಕತ್ತರಿ ಇನ್ನೊಮ್ಮೆ ಹಾಕಿ.

ಬಿಡಿಸಿದ್ದು ಸಾಕು, ಕಟ್ಟು ಎಂದು ಬಿ.ಪಿ. ಮಷೀನು ಕೊಟ್ಟೆ. ಆಕೆ ಹಿಂದಿನಿಂದ ಹಿಡಿದಳು. ಉಪಕರಣ ‘ಗೆರೇಟ್’, ನಪುಂಸಕ, ‘ಡಾಸ್’ ಗಟ್ಟಿಯಾಯಿತು. ಅಳೆಯುವುದು ‘ಮೆಸ್ಸೆನ್’, ಧಾತುವಿನ ಬಾಲದ ‘ಎನ್’ ತೆಗೆದರೆ ‘ಮೆಸ್’. ಒತ್ತಡ ‘ಡ್ರುಕ್’, ರಕ್ತ ‘ಬ್ಲೂಟ್’. ನಡುವೆ ‘ಎಸ್’ ಹಾಕಲು ಕೈ ಎತ್ತಿದಳು, ನನ್ನ ಮುಖ ನೋಡಿ ಇಳಿಸಿದಳು. ‘ಡಾಸ್ ಬ್ಲೂಟ್‌ಡ್ರುಕ್‌ಮೆಸ್‌ಗೆರೇಟ್’, ಒಂದೂ ಬೆಸುಗೆಯಿಲ್ಲ. ನಾಲ್ಕು ತುಂಡಿನ ನಡುವೆ ಜಾಗ ಬಿಟ್ಟು ಬರೆದಿದ್ದಳು, ಅದನ್ನೂ ಮುಚ್ಚಿಸಿದೆ. ಜಾಗ ಬಿಟ್ಟರೆ ಸಮಾಸವೇ ಅಲ್ಲ.

“ಇಷ್ಟೆಲ್ಲ ಹೇಳೂದ್ರಾಗ ಪೇಷಂಟಿನ ಬಿ.ಪಿ. ಏರ್ತದ ಕಾಕಾ” ಎಂದಳು.

ನಮ್ಮ ಸಮಾಸ ಪ್ರಕರಣವೂ ಪರದೇಶದವರಿಗೆ ಬಿ.ಪಿ. ಏರಿಸುವಂಥದ್ದೇ. ಆದರೂ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್ ಜರ್ಮನ್ನನೇ. ಇಂಥ ಪದಗಳನ್ನು ಹುಟ್ಟಿನಿಂದ ಉಂಡು ಬೆಳೆದವನಿಗೆ ‘ಅರಿಸಮಾಸ’ ಯಾವ ಲೆಕ್ಕ!

ಹೊರಡುವ ಮುಂಚೆ ಆಕೆಗೆ ಕೊಟ್ಟ ಲೆಕ್ಕವನ್ನು ನಿಮಗೂ ಕೊಡುತ್ತೇನೆ. ಮೆಕ್ಲೆನ್‌ಬುರ್ಗ್-ಫೋರ್‌ಪೊಮ್ಮೆರ್ನ್ ರಾಜ್ಯ 1999ರಲ್ಲಿ ಮಾಡಿದ ಕಾನೂನೊಂದರ ಹೆಸರು: ‘ರಿಂಡ್‌ಫ್ಲೈಷ್‌ಎಟಿಕೆಟೀರುಂಗ್ಸ್‌ಯೂಬರ್‌ವಾಖುಂಗ್ಸ್‌ಔಫ್‌ಗಾಬೆನ್‌ಯೂಬರ್‌ಟ್ರಾಗುಂಗ್ಸ್‌ಗೆಝೆಟ್ಸ್’. ಒಟ್ಟು 63 ಅಕ್ಷರ. ದನದ ಮಾಂಸಕ್ಕೆ ಚೀಟಿ ಹಚ್ಚುವುದರ ಮೇಲ್ವಿಚಾರಣೆಯ ಕೆಲಸವನ್ನು ವಹಿಸಿಕೊಡುವ ಕಾನೂನು. ‘ಉಂಗ್’ ಮೂರು, ಅವುಗಳ ಹಿಂದೆ ‘ಎಸ್’ ಮೂರು. ಎಕಾರಾಂತ ‘ಔಫ್‌ಗಾಬೆ’ ಒಂದು, ಅದಕ್ಕೆ ‘ಎನ್’ ಒಂದು. ಕೊನೆಯ ‘ಗೆಝೆಟ್ಸ್’ ನಪುಂಸಕವಾದ್ದರಿಂದ ಪೂರ್ತಿ ಮೆರವಣಿಗೆಗೆ ‘ಡಾಸ್’. ಕಂಠಪಾಠ ಮಾಡುವ ಕಷ್ಟ ಬೇಡ, 2013ರಲ್ಲಿ ಆ ಕಾನೂನು ರದ್ದಾಗಿದೆ.