ಸಹಿ ಹಾಕಿದ ಮೇಷ್ಟ್ರೂ ಯಂತ್ರವೇ?

ಗುಂಡ್ಲುಪೇಟೆಯ ಹುಡುಗಿಯೊಬ್ಬಳು ಚಾಮರಾಜನಗರದ ಕಾಲೇಜಿಗೆ ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾವಿರ ಪದಗಳ ಪ್ರಾಜೆಕ್ಟ್ ಬರೆದಳು ಅಂತಿಟ್ಟುಕೊಳ್ಳಿ. ಪತ್ತೆ ತಂತ್ರಾಂಶ ‘ಶೇ. 46 ಯಂತ್ರದ ಬರಹ’ ಅಂತು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು.

ಸಾರ್, ತಂತ್ರಾಂಶ ಬಣ್ಣ ಬಳಿದಿರುವುದು ಎಲ್ಲಿ ಅಂತ ಒಂಚೂರು ನೋಡಿ. ಮೊದಲನೆಯದು ಪ್ರಮಾಣಪತ್ರದ ಪುಟ. ಅದು ಕಾಲೇಜೇ ಕೊಟ್ಟ ನಮೂನೆ, ಕೆಳಗಿರುವುದು ತಮ್ಮದೇ ಸಹಿ! ಎರಡನೆಯದು ಕೃತಜ್ಞತೆ, ಪ್ರಾಂಶುಪಾಲರಿಂದ ಹಿಡಿದು ಲ್ಯಾಬ್ ಅಟೆಂಡರ್‌ವರೆಗೆ ವರ್ಷವರ್ಷವೂ ಅದೇ ವಂದನೆ. ಆಮೇಲೆ ಹೈಕೋರ್ಟ್ ತೀರ್ಪಿನಿಂದ ಎತ್ತಿಕೊಂಡ ಉದ್ದುದ್ದ ಸಾಲುಗಳು, ಕೊನೆಗೆ ಗ್ರಂಥಸೂಚಿ.

ಈ ತಂತ್ರಾಂಶಗಳಲ್ಲಿ ಹಲವು ನೋಡುವುದು ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಅಂತ. ಅಚ್ಚು ಹಾಕಿದ ಮಾತು, ಎಲ್ಲರೂ ಉದ್ಧರಿಸುವ ಮಾತು ಊಹೆಗೆ ಸಿಗದೆ ಇನ್ನೇನು? 1787ರ ಅಮೆರಿಕದ ಸಂವಿಧಾನವನ್ನೇ ಯಂತ್ರ ಬರೆದದ್ದು ಅಂದ ಮಹಾಶಯ ತಂತ್ರಾಂಶಗಳಿವೆ.

ಕೃತಿಚೌರ್ಯದ ಲೆಕ್ಕಕ್ಕೆ ಯುಜಿಸಿಯ 2018ರ ನಿಯಮಾವಳಿ ಆಕರ ಹೇಳಿದ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳನ್ನು ಹೊರಗಿಡುತ್ತದೆ. ಯಂತ್ರದ ಅಂಕಕ್ಕೂ ಅದೇ ನ್ಯಾಯ ಸಾಕು, ಆದರೆ ಕೈಯಾರೆ ಮಾಡಬೇಕು. ಕಡತದ ಪ್ರತಿ ಮಾಡಿಕೊಂಡು ಇವನ್ನೆಲ್ಲ ಅಳಿಸಿ. ನಮೂನೆ ಯಾವುದು ಅಂತ ಗೊತ್ತಾಗದಿದ್ದರೆ ಇನ್ನಿಬ್ಬರ ಪ್ರಾಜೆಕ್ಟ್ ಪಕ್ಕಕ್ಕಿಟ್ಟು ನೋಡಿ, ಮೂರರಲ್ಲೂ ಒಂದೇ ಥರ ಇರುವ ಸಾಲು ನಮೂನೆಯದೇ. ಉದ್ಧರಣೆ ಅರ್ಧ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದರೆ ವಾಕ್ಯವನ್ನೇ ತೆಗೆಯಿರಿ, ಮುರುಕು ವಾಕ್ಯ ತಂತ್ರಾಂಶವನ್ನು ಇನ್ನಷ್ಟು ತಬ್ಬಿಬ್ಬುಗೊಳಿಸುತ್ತದೆ.

ಈಗ ಲೆಕ್ಕ. 46 ಅಂದರೆ 1380 ಪದ. ಅದರಲ್ಲಿ 1200 ಅಳಿಸಿದ ಭಾಗದ್ದು, ಅಳಿಸಿದ ಒಟ್ಟು ಪದಗಳೂ ಅಷ್ಟೇ; ಅವಳ ಸ್ವಂತ ಬರಹದ್ದು 180. ಇಲ್ಲಿ ಕೆಲವರು 180ನ್ನು ಮೂರು ಸಾವಿರಕ್ಕೇ ಭಾಗಿಸಿ ‘ಶೇ. 6’ ಅಂತ ಹಿಗ್ಗುತ್ತಾರೆ. ಅಳಿಸಿದ ಪದ ಕೆಳಗಿನಿಂದಲೂ ಹೋಗಬೇಕಲ್ಲ ಸ್ವಾಮಿ! ಉಳಿದದ್ದು 1800, ಆದ್ದರಿಂದ ಶೇ. 10. ಅದೂ ಅಂದಾಜು, ತಂತ್ರಾಂಶ ಅಕ್ಕಪಕ್ಕದ ಸಾಲುಗಳನ್ನು ಕೂಡಿಸಿ ತೂಗುವುದರಿಂದ ಉಳಿದ ಭಾಗವನ್ನು ಹೊಸದಾಗಿ ಓಡಿಸಲೇಬೇಕು. ಉಳಿದದ್ದು ಒಂದೆರಡು ಪ್ಯಾರಾ ಮಾತ್ರ ಆದರೆ ಆ ಅಂಕವನ್ನು ನಂಬಬೇಡಿ.

ಹುಡುಗರೇನು ಕಮ್ಮಿಯೇ? ಯಂತ್ರದ ಪ್ಯಾರಾಗೆ ಉದ್ಧರಣ ಚಿಹ್ನೆ ತೊಡಿಸಿ ಜಾರಿಕೊಳ್ಳುವವರೂ ಇದ್ದಾರೆ. ಹಾಗಾಗಿ ಅಳಿಸುವ ಮುಂಚೆ ಉದ್ಧರಣೆಯನ್ನು ಮೂಲದ ಜೊತೆ ತಾಳೆ ನೋಡಬೇಕು. ಗ್ರಂಥಸೂಚಿಯನ್ನು ಅಂಕದಿಂದ ಬಿಟ್ಟರೂ ಕಣ್ಣಿಂದ ಬಿಡಬಾರದು, ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಸಮೇತ ಹೆಸರಿಡುವುದರಲ್ಲಿ ಯಂತ್ರ ಬಲು ಜಾಣ.

ಉಳಿದ ಆ ಶೇ. 10? ಹುಡುಗಿಯನ್ನೇ ಕೂರಿಸಿಕೊಂಡು, ರಾತ್ರಿ ಒಂಬತ್ತಕ್ಕೆ ಮದ್ದೂರು ಚೆಕ್‌ಪೋಸ್ಟ್ ಮುಚ್ಚಿದ ಮೇಲೆ ಲಾರಿಯವರು ಎಲ್ಲಿ ತಂಗುತ್ತಾರಮ್ಮ ಅಂತ ಕೇಳಿ. ಅಂಕ ಹೇಳದ್ದನ್ನು ಅವಳು ಹೇಳುತ್ತಾಳೆ, ಇಲ್ಲವೇ ತಡವರಿಸುತ್ತಾಳೆ.