ಗುರ್ತ ಹತ್ತೀತೇನ್ರಿ ಮಾಸ್ತರ?

ಬೈಲಹೊಂಗಲ ಬಸ್ ಸ್ಟ್ಯಾಂಡಿನ್ಯಾಗ ಸವದತ್ತಿ ಗಾಡಿಗೆ ಕಾಯ್ಕೋತ ನಿಂತೀರಿ ಅಂತ ತಿಳಕೊಳ್ರಿ. ಅಲ್ಲೇ ಸಂಗೀತದ ಮಾಸ್ತರು ಕುಂತಾರ, ಕೈಯಾಗ ಬಿಳಿ ಕೋಲು. (ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಲತವರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣು ಕಾಣದವರೇ ಬೆಳೆಸಿದ ಆಶ್ರಮ ಅದು.) ನೀವೇನ್ ಮಾಡಿದ್ರಿ? ಎರಡೂ ಕೈ ಜೋಡಿಸಿ, ಚಂದಂಗ ನಕ್ಕು, ಸಪ್ಪಳಿಲ್ಲದ ನಮಸ್ಕಾರ ಮಾಡಿದ್ರಿ!

ಮಾಸ್ತರು ಅಲುಗಾಡಲಿಲ್ಲ. ‘ಭಾಳ ಸೊಕ್ಕ ಬಂದೈತಿ’ ಅಂದಕೊಂಡ್ರಿ ಹೌದಲ್ಲೋ? (ಸುಳ್ಳ ಹೇಳಬ್ಯಾಡ್ರಿ, ಮಾರಿ ಮ್ಯಾಲೇ ಐತಿ.) ಆಮ್ಯಾಲ ನೆನಪಾತು. ಸೀದಾ ಹೋಗಿ ಹಿಂದಿಂದ ಹೆಗಲ ಮ್ಯಾಲ ಕೈ ಹಾಕಿದ್ರಿ: “ಗುರ್ತ ಹತ್ತೀತೇನ್ರಿ? ಯಾರ್ ಹೇಳ್ರಿ ನೋಡೋಣು!”

ಅಲ್ರೀ, ಪರೀಕ್ಷಾ ತಗೊಳ್ಳಾಕ ಬಂದೀರೇನು? ಒಂದ್ ಕಡೆ ‘ರಾಮದುರ್ಗ, ರಾಮದುರ್ಗ’ ಅಂತ ಒದರಾಟ, ಇನ್ನೊಂದ್ ಕಡೆ ಕಿತ್ತೂರ ಗಾಡಿ ಹಾರ್ನು. ಹೋದ ವರ್ಷ ಕಿತ್ತೂರ ಉತ್ಸವದಾಗ ನೀವು ಮಾತಾಡಿದ್ದು ಎರಡ ಮಾತು, ಇವತ್ತ ನೆಗಡಿ ಬ್ಯಾರೆ. ತಪ್ಪ ಹೇಳಿದ್ರ ಅವರಿಗೆ ಮುಜುಗರ, ನಿಮಗ ನಗಿ.

ಇಷ್ಟ ಅಂದ್ರ ಸಾಕಿತ್ತು: “ಮಾಸ್ತರ, ಶರಣ್ರಿ. ನಾ ರಾಮದುರ್ಗದ ಬಸವರಾಜ, ಕಾಲೇಜಿನ್ಯಾಗ ಕ್ಲರ್ಕ್. ನಿಮ್ಮ ಎಡಕ್ಕ ನಿಂತೀನಿ.” ಮೊದಲ ಅವರನ್ನ ಕರದ್ರ, ಮಾತು ತಮಗೇ ಅಂತ ಗೊತ್ತಾಗತೈತಿ. ಬರೇ ಬಸವರಾಜ ಅಂದ್ರ ಆಗಂಗಿಲ್ಲ, ನಮ್ಮ ಕಡೆ ಓಣಿಗೆ ನಾಕು ಮಂದಿ ಅದಾರ. ಊರು, ಕೆಲಸ ಕೂಡೇ ಬರಬೇಕು. ‘ಎಡಕ್ಕ’ ಅಂದ ಕೂಡಲೇ ಅವರು ಮಾರಿ ಇತ್ತ ತಿರುಗಿಸಿ ಕೈ ಚಾಚತಾರ. ಜೋಡಿ ಮನಿಯವರು ಇದ್ರ ಅವರೂ ಒಂದ್ ಮಾತು ತಾವೇ ಆಡಲಿ, ಎಲ್ಲಿ ನಿಂತಾರ ಅನ್ನೂದು ದನಿಯಿಂದನ ತಿಳೀತೈತಿ.

ಇಲ್ಲೀತನಕ ಪಾಸಾದವರೂ ಮುಂದ ಫೇಲ್ ಆಗತಾರ. ಮಾಸ್ತರು ರಾಗದ ಮಾತು ಹೇಳಾಕ ಹತ್ಯಾರ, ಅಷ್ಟರಾಗ ಗಾಡಿ ಬಂತು. ನೀವು? ಟಾವೆಲ್ ತಗೊಂಡು ಕಿಡಕಿಯೊಳಗ ಸೀಟ್ ಹಿಡ್ಯಾಕ ಓಡಿದ್ರಿ! ಹೂಂ ಅನ್ನವರು ಹೋಗ್ಯಾರ ಅಂತ ಅವರಿಗೇನ್ ಗೊತ್ತು? ಖಾಲಿ ಜಾಗಕ್ಕ ಮಾತಾಡ್ಕೋತ ಕುಂತಾರ, ಬಾಜೂಕಿನ ಹುಡುಗ್ರು ಕಿಸಿಕಿಸಿ ನಗತಾರ. “ಗಾಡಿ ಬಂತ್ರಿ, ನಾ ಹೊಂಟೆ” ಅನ್ನಾಕ ಎಷ್ಟೊತ್ತ ಬೇಕು? (ಸೀಟು ಹೋದೀತಂತ!)

ಮತ್ತ ಅವರ ಜೋಡಿ ಬಂದ ಹುಡುಗನ್ನ “ಮಾಸ್ತರು ಚಾ ಕುಡೀತಾರೇನೋ?” ಅಂತ ಕೇಳತೀರಲ್ಲ, ಮಾಸ್ತರಿಗೆ ಬಾಯಿಲ್ಲೇನು? ಅವರನ್ನ ಕೇಳ್ರಿ. ಚಾ ತಂದ್ರ ಕಪ್ಪು ಎಲ್ಲಿಟ್ಟೀನಿ ಅಂತ ಹೇಳ್ರಿ, ಸುಡತೈತಿ.

ಹಂಗ ‘ನೀವೂ ಸವದತ್ತಿಗೇನ್ರಿ?’ ಅಂತ ಕೇಳೀರೇನು? ಹೌದಂದ್ರ ‘ಜೋಡಿ ಹೋಗೋಣ್ರೇನು?’ ಅಂತ ಕೇಳಿ ನಿಮ್ಮ ಮೊಣಕೈ ಮುಂದ ಮಾಡ್ರಿ. ಅವರೇ ಹಿಡಕೊಂಡು ಅರ್ಧ ಹೆಜ್ಜಿ ಹಿಂದ ಬರತಾರ. ಕೋಲು ಹಿಡದು ಮಾತ್ರ ಜಗ್ಗಬ್ಯಾಡ್ರಿ.